ಬಿಸಿಲಿಗೆ ನಿಂತ ಗಾಳಿ ಟ್ಯಾಂಕಿನಲ್ಲಿ ಒತ್ತಡ ಎಷ್ಟು ಏರುತ್ತದೆ?

ಕಲಬುರಗಿಯ ಮೇ ತಿಂಗಳನ್ನು ತೆಗೆದುಕೊಳ್ಳೋಣ. ಪಂಕ್ಚರ್ ಅಂಗಡಿಯೊಂದರ ಮುಂದೆ ಕಂಪ್ರೆಸರಿನ ಉಕ್ಕಿನ ಟ್ಯಾಂಕ್ ನಿಂತಿದೆ. ಬೆಳಗಿನ ಜಾವ ಅದರೊಳಗಿನ ಗಾಳಿಯ ತಾಪಮಾನ 27 ಡಿಗ್ರಿ ಸೆಲ್ಸಿಯಸ್. ಟ್ಯಾಂಕಿನ ಮೇಲಿರುವ ಒತ್ತಡದ ಗೇಜ್ 7 ಬಾರ್ ತೋರಿಸುತ್ತಿದೆ, ಅಂದರೆ ಅಂಗಡಿಯವರ ಲೆಕ್ಕದಲ್ಲಿ ಸುಮಾರು 100 ಪಿ.ಎಸ್.ಐ. ಆ ದಿನ ಕರೆಂಟ್ ಇಲ್ಲದ ಕಾರಣ ಮೋಟಾರು ಓಡಲಿಲ್ಲ, ಯಾರೂ ಗಾಳಿ ತುಂಬಿಸಿಕೊಳ್ಳಲಿಲ್ಲ, ವಾಲ್ವುಗಳೆಲ್ಲ ಮುಚ್ಚಿಯೇ ಇದ್ದವು. ಮಧ್ಯಾಹ್ನದ ಹೊತ್ತಿಗೆ ನೇರ ಬಿಸಿಲಿನಲ್ಲಿ ಉಕ್ಕು ಕಾದು, ಒಳಗಿನ ಗಾಳಿ 57 ಡಿಗ್ರಿಗೆ ಏರಿತು ಎಂದಿಟ್ಟುಕೊಂಡರೆ, ಆಗ ಗೇಜಿನ ಮುಳ್ಳು ಎಲ್ಲಿರುತ್ತದೆ? ಪದವಿಪೂರ್ವ ತರಗತಿಯ ಭೌತಶಾಸ್ತ್ರದಲ್ಲಿ ಬರುವ ಅತ್ಯಂತ ಸರಳ ಲೆಕ್ಕಗಳಲ್ಲಿ ಇದೂ ಒಂದು. ಆದರೆ ಉತ್ತರ ತಪ್ಪಿಸಿಕೊಳ್ಳುವ ದಾರಿಗಳು ಇದರಲ್ಲಿ ಎರಡಿವೆ, ಮತ್ತು ಎರಡೂ 'ಸೊನ್ನೆ ಎಲ್ಲಿದೆ' ಎಂಬ ಒಂದೇ ಪ್ರಶ್ನೆಯಿಂದ ಹುಟ್ಟುತ್ತವೆ.

ಆದರ್ಶ ಅನಿಲದ ಸಮೀಕರಣವನ್ನು PV = nRT ಎಂದು ಬರೆಯುತ್ತೇವೆ. ಇಲ್ಲಿ P ಅನಿಲದ ಒತ್ತಡ, V ಅದು ತುಂಬಿಕೊಂಡಿರುವ ಗಾತ್ರ, n ಅನಿಲದ ಪ್ರಮಾಣ, T ತಾಪಮಾನ. R ಒಂದು ಸ್ಥಿರಾಂಕ. ನಮ್ಮ ಟ್ಯಾಂಕ್ ಗಟ್ಟಿ ಉಕ್ಕಿನದು, ಆದ್ದರಿಂದ V ಬದಲಾಗುವುದಿಲ್ಲ. ವಾಲ್ವು ಮುಚ್ಚಿದೆ, ಆದ್ದರಿಂದ n ಕೂಡ ಬದಲಾಗುವುದಿಲ್ಲ. ಬೆಳಗಿನ ಸ್ಥಿತಿಗೂ ಮಧ್ಯಾಹ್ನದ ಸ್ಥಿತಿಗೂ ಬೇರೆ ಬೇರೆಯಾಗಿ ಈ ಸಮೀಕರಣ ಬರೆದು, ಒಂದರಿಂದ ಇನ್ನೊಂದನ್ನು ಭಾಗಿಸಿದರೆ, ಬದಲಾಗದವುಗಳೆಲ್ಲ ಹೊಡೆದುಹೋಗಿ ಉಳಿಯುವುದು ಇಷ್ಟೇ:

P₁/T₁ = P₂/T₂

ಟ್ಯಾಂಕ್ 50 ಲೀಟರಿನದೋ 200 ಲೀಟರಿನದೋ, ಒಳಗೆ ಎಷ್ಟು ಮೋಲ್ ಗಾಳಿ ಇದೆ, ಅದು ಗಾಳಿಯೋ ಶುದ್ಧ ನೈಟ್ರೋಜನ್ನೋ ಎಂಬ ಯಾವ ಮಾಹಿತಿಯೂ ಈ ಲೆಕ್ಕಕ್ಕೆ ಬೇಕಾಗಿಲ್ಲ. ಪರೀಕ್ಷೆಯ ಪ್ರಶ್ನೆಗಳಲ್ಲಿ ಟ್ಯಾಂಕಿನ ಗಾತ್ರವನ್ನು ಕೊಟ್ಟಿರುವುದುಂಟು. ಅದನ್ನು ಎಲ್ಲಿ ಬಳಸಬೇಕೆಂದು ವಿದ್ಯಾರ್ಥಿಗಳು ಒದ್ದಾಡುವುದೂ ಉಂಟು. ಅದನ್ನು ಬಳಸಬೇಕಾಗಿಲ್ಲ. ತಾಪಮಾನ ಎಷ್ಟು ಪಟ್ಟು ಆಯಿತೋ ಒತ್ತಡವೂ ಅಷ್ಟೇ ಪಟ್ಟು ಆಗುತ್ತದೆ ಎಂಬುದೊಂದೇ ಇಲ್ಲಿನ ವಿಷಯ.

ಈಗ ಮೊದಲ ಎಡವಟ್ಟು. 'ಎಷ್ಟು ಪಟ್ಟು' ಎಂದು ಕೇಳಿದಾಗ, ಕೈಗೆ ಸಿಕ್ಕ ಸಂಖ್ಯೆಗಳನ್ನೇ ಭಾಗಿಸಿ 57/27, ಅಂದರೆ ಸುಮಾರು 2.11 ಎಂದು ಬರೆದುಬಿಡುವುದು ಸುಲಭ. ಹಾಗೆ ಮಾಡಿದರೆ 7 ಬಾರ್ ಇದ್ದದ್ದು 14.8 ಬಾರ್ ಆಗಬೇಕು. ಅದು ನಿಜವಾಗಿದ್ದರೆ ಉತ್ತರ ಕರ್ನಾಟಕದ ಪ್ರತಿ ಪಂಕ್ಚರ್ ಅಂಗಡಿಯ ಟ್ಯಾಂಕಿನ ಸುರಕ್ಷತಾ ವಾಲ್ವು ಬೇಸಿಗೆಯ ಪ್ರತಿ ಮಧ್ಯಾಹ್ನವೂ ಹಾರಬೇಕಿತ್ತು. ಇನ್ನೂ ಒಳ್ಳೆಯ ಪರೀಕ್ಷೆಯೊಂದಿದೆ. ಅದೇ ಎರಡು ತಾಪಮಾನಗಳನ್ನು ಫ್ಯಾರನ್‌ಹೀಟ್‌ನಲ್ಲಿ ಬರೆದರೆ 80.6 ಮತ್ತು 134.6 ಆಗುತ್ತವೆ, ಅವುಗಳ ಅನುಪಾತ 1.67, ಆ ಲೆಕ್ಕದಲ್ಲಿ ಒತ್ತಡ 11.7 ಬಾರ್. ಟ್ಯಾಂಕ್ ಒಂದೇ, ಬಿಸಿಲು ಒಂದೇ. ಥರ್ಮಾಮೀಟರಿನ ಮೇಲೆ ಬರೆದ ಅಂಕಿ ಬದಲಾದ ಮಾತ್ರಕ್ಕೆ ಟ್ಯಾಂಕಿನೊಳಗಿನ ಒತ್ತಡ ಬದಲಾಗಲು ಸಾಧ್ಯವಿಲ್ಲ. ಆದ್ದರಿಂದ ಎರಡೂ ಲೆಕ್ಕಗಳು ತಪ್ಪು.

ತಪ್ಪಿನ ಮೂಲವೆಂದರೆ, ಸೆಲ್ಸಿಯಸ್ಸಿನ ಸೊನ್ನೆ ನೀರು ಹೆಪ್ಪುಗಟ್ಟುವ ಬಿಂದುವಿಗೆ ನಾವು ಅನುಕೂಲಕ್ಕಾಗಿ ಕೊಟ್ಟ ಹೆಸರು. ಟ್ಯಾಂಕಿನೊಳಗಿನ ಗಾಳಿಗೂ ನೀರು ಹೆಪ್ಪುಗಟ್ಟುವುದಕ್ಕೂ ಯಾವ ಸಂಬಂಧವೂ ಇಲ್ಲ. 'ಪಟ್ಟು' ಎಂಬ ಮಾತಿಗೆ ಅರ್ಥ ಬರಬೇಕಾದರೆ, ಒತ್ತಡವೇ ಇಲ್ಲದಂತಾಗುವ ತಾಪಮಾನದಿಂದ ಎಣಿಕೆ ಆರಂಭವಾಗಬೇಕು. ಅಂಥದೊಂದು ಬಿಂದು ಇರಬಹುದೆಂಬ ಸುಳಿವು ಸಿಕ್ಕಿದ್ದು ಇದೇ ಬಗೆಯ ಪ್ರಯೋಗದಿಂದ. ಫ್ರಾನ್ಸಿನ ಗಿಯೋಮ್ ಅಮೊಂಟೊನ್ 1700ರ ಆಸುಪಾಸಿನಲ್ಲಿ ಗಾಳಿಯನ್ನು ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಹಿಡಿದಿಟ್ಟು ಕಾಯಿಸಿದಾಗ, ತಣ್ಣೀರಿನ ತಾಪದಿಂದ ಕುದಿನೀರಿನ ತಾಪಕ್ಕೆ ಹೋಗುವಷ್ಟರಲ್ಲಿ ಒತ್ತಡ ಸುಮಾರು ಮೂರನೇ ಒಂದು ಭಾಗದಷ್ಟು ಏರುವುದನ್ನು ಕಂಡ. ಮೊದಲು ಎಷ್ಟೇ ಒತ್ತಡವಿದ್ದರೂ ಏರಿಕೆಯ ಪಾಲು ಅಷ್ಟೇ. ಒತ್ತಡ ಮತ್ತು ತಾಪಮಾನಗಳ ಈ ನೇರ ಗೆರೆಯನ್ನು ತಂಪಿನ ಕಡೆಗೆ ಎಳೆಯುತ್ತ ಹೋದರೆ, ಅದು ಎಲ್ಲೋ ಒಂದು ಕಡೆ ಒತ್ತಡದ ಸೊನ್ನೆಯನ್ನು ಮುಟ್ಟಲೇಬೇಕು. ಇಂದಿನ ಅಳತೆಯಂತೆ ಆ ಬಿಂದು ಮೈನಸ್ 273.15 ಡಿಗ್ರಿ ಸೆಲ್ಸಿಯಸ್. ಅಲ್ಲಿಂದ ಎಣಿಸುವ ಮಾಪಕವೇ ಕೆಲ್ವಿನ್.

ಸೆಲ್ಸಿಯಸ್ಸಿಗೆ 273 ಕೂಡಿಸಿದರೆ ನಮ್ಮ ಬೆಳಗು 300 ಕೆಲ್ವಿನ್, ಮಧ್ಯಾಹ್ನ 330 ಕೆಲ್ವಿನ್. ಮೈ ಸುಡುವ 30 ಡಿಗ್ರಿಗಳ ವ್ಯತ್ಯಾಸ ಗಾಳಿಯ ದೃಷ್ಟಿಯಲ್ಲಿ ಹತ್ತನೇ ಒಂದು ಪಾಲಿನ ಹೆಚ್ಚಳ ಮಾತ್ರ. ಅನುಪಾತ 1.10.

ಹತ್ತನೇ ಒಂದು ಪಾಲು ಎಂಬುದು ಎಲ್ಲಿಂದ ಬರುತ್ತದೆ ಎಂಬುದನ್ನು ಅಣುಗಳ ಮಟ್ಟದಲ್ಲಿಯೂ ನೋಡಬಹುದು, ಮತ್ತು ಸೂತ್ರಕ್ಕಿಂತ ಇದು ಹೆಚ್ಚು ಮನಸ್ಸಿಗೆ ನಿಲ್ಲುತ್ತದೆ. ಒತ್ತಡವೆಂದರೆ ಗಾಳಿಯ ಅಣುಗಳು ಟ್ಯಾಂಕಿನ ಒಳಗೋಡೆಗೆ ಬಡಿಯುತ್ತಿರುವುದರ ಒಟ್ಟು ಪರಿಣಾಮ. ಕೆಲ್ವಿನ್ ತಾಪಮಾನವು ಅಣುಗಳ ಸರಾಸರಿ ಚಲನಶಕ್ತಿಯ ಅಳತೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ತಾಪಮಾನ ಶೇಕಡಾ 10ರಷ್ಟು ಏರಿದಾಗ ವೇಗ ಏರುವುದು ಶೇಕಡಾ 5ಕ್ಕಿಂತ ತುಸು ಕಡಿಮೆ. ನೈಟ್ರೋಜನ್ ಅಣುಗಳ ವಿಶಿಷ್ಟ ವೇಗ 300 ಕೆಲ್ವಿನ್‌ನಲ್ಲಿ ಸೆಕೆಂಡಿಗೆ ಸುಮಾರು 517 ಮೀಟರ್ ಇದ್ದದ್ದು 330 ಕೆಲ್ವಿನ್‌ನಲ್ಲಿ ಸುಮಾರು 542 ಮೀಟರ್ ಆಗುತ್ತದೆ. ವೇಗ ಹೆಚ್ಚಿದ ಅಣು ಗೋಡೆಗೆ ಬಡಿಯುವ ಪ್ರತಿ ಪೆಟ್ಟೂ ಅಷ್ಟರ ಮಟ್ಟಿಗೆ ಬಲವಾಗಿರುತ್ತದೆ. ಜೊತೆಗೆ ಗೋಡೆಯಿಂದ ಗೋಡೆಗೆ ಬೇಗ ಹೋಗಿ ಬರುವುದರಿಂದ ಪೆಟ್ಟುಗಳ ಸಂಖ್ಯೆಯೂ ಅಷ್ಟೇ ಹೆಚ್ಚುತ್ತದೆ. 1.049ನ್ನು 1.049ರಿಂದ ಗುಣಿಸಿದರೆ 1.10. ಟ್ಯಾಂಕ್ ಹಿಗ್ಗಿದ್ದರೆ ಅಣುಗಳು ಹೆಚ್ಚು ದೂರ ಸಾಗಬೇಕಾಗುತ್ತಿತ್ತು, ಪೆಟ್ಟುಗಳ ಸಂಖ್ಯೆ ಇಳಿಯುತ್ತಿತ್ತು; ಉಕ್ಕು ಅದಕ್ಕೆ ಆಸ್ಪದ ಕೊಡುವುದಿಲ್ಲ.

ಎರಡನೆಯ ಎಡವಟ್ಟು ಇಷ್ಟು ಎದ್ದು ಕಾಣುವಂಥದ್ದಲ್ಲ. ಆದ್ದರಿಂದಲೇ ಅದು ಹೆಚ್ಚು ದಿನ ಉಳಿಯುತ್ತದೆ. ಕೆಲ್ವಿನ್ ಅನುಪಾತವನ್ನು ಸರಿಯಾಗಿ ತೆಗೆದವರೂ 7 ಬಾರನ್ನು 1.10ರಿಂದ ಗುಣಿಸಿ 7.7 ಬಾರ್ ಎಂದು ಉತ್ತರ ಬರೆದು ಮುಗಿಸುತ್ತಾರೆ. ಆದರೆ ಗೇಜ್ ತೋರಿಸುವ 7 ಬಾರ್ ಒಳಗಿನ ಗಾಳಿಯ ಪೂರ್ಣ ಒತ್ತಡವಲ್ಲ. ಸಾಮಾನ್ಯ ಗೇಜಿನೊಳಗೆ ಬಾಗಿದ ಲೋಹದ ಕೊಳವೆಯೊಂದಿರುತ್ತದೆ; ಅದರ ಒಳಗೆ ಟ್ಯಾಂಕಿನ ಗಾಳಿ, ಹೊರಗೆ ನಮ್ಮ ಸುತ್ತಲಿನ ಗಾಳಿ. ಒಳಗಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಹೆಚ್ಚೋ ಅಷ್ಟಕ್ಕೆ ತಕ್ಕಂತೆ ಕೊಳವೆ ನೆಟ್ಟಗಾಗಲು ಹೋಗಿ ಮುಳ್ಳನ್ನು ತಿರುಗಿಸುತ್ತದೆ. ವಾಲ್ವು ತೆರೆದು ಟ್ಯಾಂಕ್ ಖಾಲಿ ಮಾಡಿದಾಗ ಗೇಜ್ ಸೊನ್ನೆ ತೋರಿಸುತ್ತದೆ, ಆದರೆ ಟ್ಯಾಂಕಿನೊಳಗೆ ವಾತಾವರಣದ ಗಾಳಿ ತುಂಬಿಯೇ ಇರುತ್ತದೆ. ಸೆಲ್ಸಿಯಸ್ಸಿನಂತೆ ಗೇಜಿನ ಸೊನ್ನೆಯೂ ನಿಜವಾದ ಸೊನ್ನೆಯಲ್ಲ. ಟ್ಯಾಂಕಿನ ಗೋಡೆಗೆ ಬಡಿಯುವ ಅಣುಗಳಿಗೆ ಹೊರಗಿನ ವಾತಾವರಣದ ಅರಿವಿಲ್ಲ. ಅವುಗಳ ಒತ್ತಡವನ್ನು ಶೂನ್ಯಾವಕಾಶದಿಂದ ಎಣಿಸಬೇಕು. ಅದನ್ನೇ ನಿರಪೇಕ್ಷ ಒತ್ತಡ ಎನ್ನುತ್ತಾರೆ: ಗೇಜಿನ ಅಂಕಿಗೆ ಆ ಊರಿನ ವಾತಾವರಣದ ಒತ್ತಡ ಕೂಡಿಸಿದರೆ ಸಿಗುವ ಮೊತ್ತ.

ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ; ಅಲ್ಲಿ ವಾತಾವರಣದ ಒತ್ತಡ ಸುಮಾರು 0.96 ಬಾರ್. ಮಂಗಳೂರಿನಲ್ಲಾದರೆ 1.01 ಬಾರ್, 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಾದರೆ ಸುಮಾರು 0.91 ಬಾರ್ ಎಂದು ಹಿಡಿಯಬೇಕು. ಈಗ ಲೆಕ್ಕ ಹೀಗೆ ಸಾಗುತ್ತದೆ:

```
P₁ = 7.00 + 0.96 = 7.96 bar
P₂ = 7.96 × 330/300 = 8.76 bar
P₂ − 0.96 = 7.80 bar
```

ಕೊನೆಯ ಸಾಲನ್ನು ಮರೆಯಬಾರದು. ನಿರಪೇಕ್ಷ ಒತ್ತಡದಲ್ಲಿ ಲೆಕ್ಕ ಮಾಡಿದ ಮೇಲೆ, ಗೇಜ್ ಏನು ತೋರಿಸುತ್ತದೆ ಎಂದು ಹೇಳಬೇಕಾದರೆ ವಾತಾವರಣದ ಪಾಲನ್ನು ಮತ್ತೆ ಕಳೆಯಬೇಕು. ಮುಳ್ಳು ಮಧ್ಯಾಹ್ನ 7.8 ಬಾರ್ ಬಳಿ ಇರುತ್ತದೆ, ಅಂದರೆ ಸುಮಾರು 113 ಪಿ.ಎಸ್.ಐ. ಈ ಟ್ಯಾಂಕಿನ ಸುರಕ್ಷತಾ ವಾಲ್ವು 9 ಬಾರಿಗೆ ತೆರೆಯುವಂತೆ ಹೊಂದಿಸಿದ್ದರೆ ಅದು ಸುಮ್ಮನಿರುತ್ತದೆ. ಅದೇ ಟ್ಯಾಂಕನ್ನು ಬೆಳಿಗ್ಗೆ 8.5 ಬಾರ್‌ವರೆಗೆ ತುಂಬಿ ಬಿಸಿಲಿಗೆ ಬಿಟ್ಟಿದ್ದರೆ, ಮಧ್ಯಾಹ್ನ 9.4ಕ್ಕೆ ಏರಬೇಕಾಗಿದ್ದ ಒತ್ತಡ ಅಲ್ಲಿಗೆ ತಲುಪುವ ಮೊದಲೇ ವಾಲ್ವು ಬುಸುಗುಟ್ಟಿ ಗಾಳಿ ಬಿಡುತ್ತಿತ್ತು.

ಗೇಜಿನ ಅಂಕಿಯನ್ನೇ ಗುಣಿಸಿದವರಿಗೆ ಬಂದ ಉತ್ತರ 7.7, ಸರಿಯಾದ ಉತ್ತರ 7.8. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಏಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಯಾರಾದರೂ ಕೇಳಬಹುದು. ಈ ವ್ಯತ್ಯಾಸ ಯಾವಾಗಲೂ ವಾತಾವರಣದ ಒತ್ತಡದ ಹತ್ತನೇ ಒಂದು ಪಾಲು, ಅಂದರೆ 0.096 ಬಾರ್, ಟ್ಯಾಂಕಿನಲ್ಲಿ ಎಷ್ಟೇ ಒತ್ತಡವಿದ್ದರೂ ಅದು ಅಷ್ಟೇ ಇರುತ್ತದೆ. 150 ಬಾರಿನ ಸಿಲಿಂಡರಿನಲ್ಲಿ ಅದು ಲೆಕ್ಕಕ್ಕಿಲ್ಲ. ಒತ್ತಡ ಕಡಿಮೆಯಾದಷ್ಟೂ ಅದರ ಪಾಲು ದೊಡ್ಡದಾಗುತ್ತದೆ, ಮತ್ತು ಗೇಜ್ ಸೊನ್ನೆ ತೋರಿಸುವ ಪಾತ್ರೆಯಲ್ಲಿ ಅದೇ ಸರ್ವಸ್ವ.

ಬಾಯಿ ಬಿಗಿಯಾಗಿ ಮುಚ್ಚಿದ 200 ಲೀಟರಿನ ಖಾಲಿ ಉಕ್ಕಿನ ಡ್ರಮ್ಮನ್ನು ನೋಡಿ. ಬೆಳಿಗ್ಗೆ 27 ಡಿಗ್ರಿಯಲ್ಲಿ ಮುಚ್ಚಿದಾಗ ಒಳಗೂ ಹೊರಗೂ 0.96 ಬಾರ್, ಗೇಜ್ ಹಾಕಿದ್ದರೆ ಸೊನ್ನೆ ತೋರಿಸುತ್ತಿತ್ತು. ಸೊನ್ನೆಯನ್ನು 1.10ರಿಂದ ಗುಣಿಸಿದರೆ ಸೊನ್ನೆಯೇ, ಆದ್ದರಿಂದ ಏನೂ ಆಗುವುದಿಲ್ಲ ಎಂದು ತಪ್ಪು ಲೆಕ್ಕ ಹೇಳುತ್ತದೆ. ಸರಿಯಾದ ಲೆಕ್ಕದಂತೆ 57 ಡಿಗ್ರಿಯಲ್ಲಿ ಒಳಗಿನ ಒತ್ತಡ 1.056 ಬಾರ್, ಹೊರಗಿನದಕ್ಕಿಂತ 0.096 ಬಾರ್ ಹೆಚ್ಚು. ಅಂಕಿ ಚಿಕ್ಕದಾಗಿ ಕಾಣುತ್ತದೆ. ಆದರೆ ಡ್ರಮ್ಮಿನ ಮೇಲ್ಭಾಗದ ವ್ಯಾಸ ಸುಮಾರು 57 ಸೆಂಟಿಮೀಟರ್, ವಿಸ್ತೀರ್ಣ ಸುಮಾರು 2,550 ಚದರ ಸೆಂಟಿಮೀಟರ್; ಅಷ್ಟು ಜಾಗದ ಮೇಲೆ ಈ ಪುಟ್ಟ ಒತ್ತಡ ಸೇರಿ ಆಗುವ ಬಲ ಸುಮಾರು 250 ಕೆ.ಜಿ. ಭಾರಕ್ಕೆ ಸಮ. ಬಿಸಿಲಿನಲ್ಲಿಟ್ಟ ಮುಚ್ಚಿದ ಡ್ರಮ್ಮುಗಳ ಮೇಲ್ತಗಡು ಉಬ್ಬಿ ನಿಲ್ಲುವುದು, ಕೆಲವೊಮ್ಮೆ 'ಟಂಗ್' ಎಂದು ಸದ್ದು ಮಾಡುವುದು ಇದರಿಂದಲೇ. ತಗಡು ಉಬ್ಬಿದ ಕೂಡಲೇ ಒಳಗಿನ ಗಾತ್ರ ಹೆಚ್ಚುವುದರಿಂದ ಒತ್ತಡ ನಮ್ಮ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ನಿಲ್ಲುತ್ತದೆ ಎಂಬುದು ನಿಜ. ಡ್ರಮ್ ಕಂಪ್ರೆಸರ್ ಟ್ಯಾಂಕಿನಷ್ಟು ಗಟ್ಟಿಯಲ್ಲ. ಆದರೂ ಅಂಥ ಡ್ರಮ್ಮಿನ ಬಿರಡೆಯನ್ನು ಮಧ್ಯಾಹ್ನ ತೆಗೆಯುವವರು ಮೊದಲು ಅರ್ಧ ಸುತ್ತು ಸಡಿಲಿಸಿ, ಗಾಳಿ ಹೋಗಲು ಬಿಟ್ಟು, ಆಮೇಲೆ ಪೂರ್ತಿ ತಿರುಗಿಸುವುದು ಒಳ್ಳೆಯದು. ಮಧ್ಯಾಹ್ನ ಮುಚ್ಚಿದ ಡ್ರಮ್ಮಿಗೆ ಬೆಳಗಿನ ಜಾವ ಇದರ ತಿರುವುಮುರುವು ಆಗುತ್ತದೆ: ಒಳಗಿನ ಒತ್ತಡ 0.87 ಬಾರಿಗೆ ಇಳಿದು, ಹೊರಗಿನ ಗಾಳಿಯೇ ಅದರ ಪಕ್ಕೆಗಳನ್ನು ಒಳಕ್ಕೆ ಒತ್ತುತ್ತದೆ.

ಇದೇ ತಿರುವುಮುರುವು ಕಂಪ್ರೆಸರ್ ಇಟ್ಟವರನ್ನೂ ಗೊಂದಲಕ್ಕೆ ಸಿಲುಕಿಸುತ್ತದೆ. ಗಾಳಿಯನ್ನು ಒತ್ತಿ ತುಂಬುವಾಗ ಅದು ಬಿಸಿಯಾಗುತ್ತದೆ. ಸಂಜೆ ಟ್ಯಾಂಕ್ ತುಂಬಿ ಮೋಟಾರು ನಿಂತಾಗ ಒಳಗಿನ ಗಾಳಿ 60 ಡಿಗ್ರಿಯಲ್ಲಿದ್ದು ಗೇಜ್ 7 ಬಾರ್ ತೋರಿಸಿತು ಎನ್ನೋಣ. ಮರುದಿನ ಬೆಳಿಗ್ಗೆ 27 ಡಿಗ್ರಿಯಲ್ಲಿ ನೋಡಿದರೆ ಮುಳ್ಳು 6.2ಕ್ಕೆ ಇಳಿದಿರುತ್ತದೆ. ಎಲ್ಲೋ ಸೋರುತ್ತಿದೆ ಎಂದುಕೊಂಡು ಸೋಪಿನ ನೀರು ಹಿಡಿದು ಜಾಯಿಂಟುಗಳನ್ನೆಲ್ಲ ಹುಡುಕುವ ಮೊದಲು ಲೆಕ್ಕವೊಂದನ್ನು ಮಾಡಬಹುದು: 7.96ನ್ನು 300ರಿಂದ ಗುಣಿಸಿ 333ರಿಂದ ಭಾಗಿಸಿದರೆ 7.17, ಅದರಿಂದ 0.96 ಕಳೆದರೆ 6.21. ಗೇಜ್ ಅಷ್ಟನ್ನೇ ತೋರಿಸುತ್ತಿದ್ದರೆ ಟ್ಯಾಂಕಿನಿಂದ ಗಾಳಿ ಹೋಗಿಲ್ಲ, ತಣ್ಣಗಾಗಿದೆ ಅಷ್ಟೆ. 5.2 ತೋರಿಸುತ್ತಿದ್ದರೆ ಆ ಉಳಿದ 1 ಬಾರಿಗೆ ತಾಪಮಾನ ಕಾರಣವಲ್ಲ, ಸೋರಿಕೆ ಇದೆ. ಸೋರಿಕೆಯನ್ನು ಸರಿಯಾಗಿ ಗುರುತಿಸಬೇಕೆಂದರೆ ಒಂದೇ ತಾಪಮಾನದ ಎರಡು ಹೊತ್ತುಗಳಲ್ಲಿ, ಉದಾಹರಣೆಗೆ ಎರಡು ದಿನಗಳ ಬೆಳಗಿನ ಜಾವದಲ್ಲಿ, ಗೇಜ್ ನೋಡಿ ಹೋಲಿಸುವುದು ಇನ್ನೂ ಸುಲಭ.

ಇಷ್ಟೆಲ್ಲ ಲೆಕ್ಕ ನಿಂತಿರುವುದು V ಮತ್ತು n ಬದಲಾಗುವುದಿಲ್ಲ ಎಂಬ ಎರಡು ಊಹೆಗಳ ಮೇಲೆ. V ವಿಷಯದಲ್ಲಿ ಚಿಂತೆಯಿಲ್ಲ. ಉಕ್ಕು ಬಿಸಿಗೆ ಹಿಗ್ಗುತ್ತದೆ, ನಿಜ. ಆದರೆ 30 ಡಿಗ್ರಿಗೆ ಟ್ಯಾಂಕಿನ ಗಾತ್ರ ಹೆಚ್ಚುವುದು ಸುಮಾರು ಸಾವಿರದಲ್ಲಿ ಒಂದು ಪಾಲು. ಅದರಿಂದ ಒತ್ತಡದಲ್ಲಿ ಆಗುವ ಇಳಿಕೆ 0.01 ಬಾರಿನಷ್ಟೂ ಇಲ್ಲ, ಗೇಜಿನ ಮುಳ್ಳಿನ ದಪ್ಪದೊಳಗೇ ಅಡಗಿಹೋಗುತ್ತದೆ. 8 ಬಾರಿನಷ್ಟು ಒತ್ತಡದಲ್ಲಿ ಗಾಳಿ ಆದರ್ಶ ಅನಿಲದಂತೆಯೇ ನಡೆದುಕೊಳ್ಳುತ್ತದೆ ಎಂಬುದರಲ್ಲೂ ದೊಡ್ಡ ತಕರಾರಿಲ್ಲ.

n ವಿಷಯ ಹಾಗಲ್ಲ. ಕಂಪ್ರೆಸರ್ ಟ್ಯಾಂಕಿನ ತಳದಲ್ಲಿರುವ ನಲ್ಲಿಯನ್ನು ತೆರೆದವರಿಗೆ ಗೊತ್ತಿರುತ್ತದೆ, ಅಲ್ಲಿಂದ ತುಕ್ಕುಬಣ್ಣದ ನೀರು ಬರುತ್ತದೆ. ಹೊರಗಿನ ಗಾಳಿಯಲ್ಲಿದ್ದ ತೇವಾಂಶ ಒತ್ತಡಕ್ಕೆ ಸಿಕ್ಕಿ ತಣಿದಾಗ ನೀರಾಗಿ ತಳದಲ್ಲಿ ಕೂರುತ್ತದೆ. ತಳದಲ್ಲಿ ನೀರು ಇರುವವರೆಗೆ ಟ್ಯಾಂಕಿನ ಗಾಳಿಯಲ್ಲಿ ಆ ತಾಪಮಾನಕ್ಕೆ ಎಷ್ಟು ಸಾಧ್ಯವೋ ಅಷ್ಟು ನೀರಾವಿ ತುಂಬಿರುತ್ತದೆ. 27 ಡಿಗ್ರಿಯಲ್ಲಿ ಆ ಆವಿಯ ಒತ್ತಡ ಸುಮಾರು 0.036 ಬಾರ್, 57 ಡಿಗ್ರಿಯಲ್ಲಿ ಅದು 0.173 ಬಾರ್, ಹೆಚ್ಚುಕಡಿಮೆ ಐದು ಪಟ್ಟು. ಅಂದರೆ ಬಿಸಿಲೇರಿದಂತೆ ನೀರು ಆವಿಯಾಗಿ ಟ್ಯಾಂಕಿನೊಳಗಿನ ಅನಿಲದ ಪ್ರಮಾಣವೇ ಹೆಚ್ಚುತ್ತದೆ. ಸಾಕಷ್ಟು ನೀರಿದ್ದರೆ ನಮ್ಮ 7.80 ಬಾರಿಗೆ ಇನ್ನೂ 0.13 ಬಾರ್ ಸೇರಿ ಗೇಜ್ 7.93ರ ಹತ್ತಿರ ತೋರಿಸುತ್ತದೆ. ಗೇಜನ್ನು ನಿರಪೇಕ್ಷ ಒತ್ತಡಕ್ಕೆ ಬದಲಿಸಲು ಮರೆತಾಗ ಆದ ತಪ್ಪಿಗಿಂತ ಇದು ದೊಡ್ಡದು. ಲೆಕ್ಕಕ್ಕಿಂತ ಮುಳ್ಳು ಮೇಲೆ ನಿಂತಿದ್ದರೆ ತಳದ ನಲ್ಲಿ ತೆರೆದು ನೋಡಬಹುದು.

ಟ್ಯಾಂಕಿನಲ್ಲಿ ದ್ರವವೇ ಪ್ರಧಾನವಾಗಿದ್ದರೆ ಈ ಲೆಕ್ಕವನ್ನು ಬಳಸಲೇಬಾರದು. ಅಡುಗೆ ಅನಿಲದ ಸಿಲಿಂಡರ್ ಅದಕ್ಕೆ ಉದಾಹರಣೆ. ಅದರಲ್ಲಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ದ್ರವ, ಅದರ ಮೇಲೆ ಒಂದಿಷ್ಟು ಆವಿ. ಅಲ್ಲಿ ಒತ್ತಡವನ್ನು ನಿರ್ಧರಿಸುವುದು ಆ ದ್ರವಗಳ ಆವಿಯೊತ್ತಡ. ಶುದ್ಧ ಪ್ರೊಪೇನ್‌ನದು 27 ಡಿಗ್ರಿಯಲ್ಲಿ ಸುಮಾರು 10 ಬಾರ್, 57 ಡಿಗ್ರಿಯಲ್ಲಿ ಸುಮಾರು 20 ಬಾರ್. ಅದೇ 30 ಡಿಗ್ರಿಗಳಿಗೆ ಗಾಳಿಯ ಒತ್ತಡ ಏರಿದ್ದು ಶೇಕಡಾ 10, ಇಲ್ಲಿ ಒತ್ತಡ ಎರಡು ಪಟ್ಟಾಯಿತು. ಸಿಲಿಂಡರನ್ನು ಇದಕ್ಕೆ ತಕ್ಕ ಬಲದಿಂದಲೇ ಮಾಡಿರುತ್ತಾರೆ. ಅದಕ್ಕಿಂತ ಅಪಾಯಕಾರಿಯಾದದ್ದು ಮಿತಿ ಮೀರಿ ತುಂಬುವುದು: ದ್ರವ ಬಿಸಿಗೆ ಹಿಗ್ಗಿ ಮೇಲಿನ ಆವಿಯ ಜಾಗವನ್ನೆಲ್ಲ ತುಂಬಿಬಿಟ್ಟರೆ, ಅಲ್ಲಿಂದ ಮುಂದೆ ಹಿಗ್ಗಲು ಅವಕಾಶವೇ ಇರುವುದಿಲ್ಲ. ಅನಿಲವನ್ನಾದರೆ ಒತ್ತಿ ಕುಗ್ಗಿಸಬಹುದು, ದ್ರವ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಆದ್ದರಿಂದ ಆ ಹಂತ ದಾಟಿದ ಮೇಲೆ ಏರುವ ಪ್ರತಿ ಡಿಗ್ರಿಗೂ ಒತ್ತಡ ಹಲವು ಬಾರ್‌ಗಳಷ್ಟು ಜಿಗಿಯುತ್ತದೆ. ಇಂಥ ಸಿಲಿಂಡರುಗಳನ್ನು ಎಂದೂ ಪೂರ್ತಿ ತುಂಬದೆ, ತೂಕ ಹಿಡಿದು ತುಂಬಿ, ಮೇಲೆ ಆವಿಗೆ ಜಾಗ ಬಿಡುವುದು ಈ ಕಾರಣಕ್ಕೆ.